ಐದು ನಿಮಿಷದ ಭಾಷಣವನ್ನು ಹದಿನೈದು ನಿಮಿಷಕ್ಕೆ ಬೆಳೆಸುವ ಬಗೆ

ಸ್ಪರ್ಧೆಗೆಂದು ಬರೆದುಕೊಂಡ 5 ನಿಮಿಷದ ಭಾಷಣವನ್ನೇ ವಾರ್ಷಿಕೋತ್ಸವದ ವೇದಿಕೆಯಲ್ಲೋ ಊರ ವಾಚನಾಲಯದ ಸಭೆಯಲ್ಲೋ 15 ನಿಮಿಷ ಮಾಡಬೇಕಾಗಿ ಬರುವುದುಂಟು. ಆಗ ಉಳಿದ 10 ನಿಮಿಷವನ್ನು ಯಾವುದರಿಂದ ತುಂಬಬೇಕೆಂಬ ಪ್ರಶ್ನೆ ಏಳುತ್ತದೆ. ನಮ್ಮ ಜಿಲ್ಲೆಗೆ ಸೇರಿದ ಒಂದು ವಿಷಯವನ್ನೇ ತೆಗೆದುಕೊಂಡು ಇದನ್ನು ವಿಚಾರಿಸೋಣ.

‘ನೀರಿನ ಉಳಿತಾಯ’ ಎಂಬ ಭಾಷಣವಿದೆ ಎಂದಿಟ್ಟುಕೊಳ್ಳೋಣ. ಅದರಲ್ಲಿ ಮೂರು ಮಾತುಗಳಿವೆ: ಹಿರಿಯರು ವಿದ್ಯುತ್ತಿಲ್ಲದೆಯೇ ನೀರು ಪಡೆಯುತ್ತಿದ್ದರು, ಇಂದು ಮನೆಯಲ್ಲೇ ನೀರು ಪೋಲಾಗುತ್ತಿದೆ, ಮಳೆನೀರನ್ನು ಇಂಗಿಸಬೇಕು. ಪೀಠಿಕೆಗೂ ಮುಕ್ತಾಯಕ್ಕೂ ತಲಾ ಅರ್ಧ ನಿಮಿಷ ಹೋದರೆ ಈ ಮೂರಕ್ಕೆ ಉಳಿಯುವುದು 4 ನಿಮಿಷ. 15 ನಿಮಿಷದ ಭಾಷಣದಲ್ಲಿ ಪೀಠಿಕೆ, ಮುಕ್ತಾಯಗಳಿಗೆ ತಲಾ ಒಂದೂವರೆ ನಿಮಿಷ ಕೊಟ್ಟರೂ ಒಂದೊಂದು ಮಾತಿಗೆ 4 ನಿಮಿಷ ಸಿಗುತ್ತದೆ. ಆದ್ದರಿಂದ ನಾವು ಹೊಸ ಅಂಶಗಳನ್ನು ಸೇರಿಸಬೇಕಾಗಿಲ್ಲ. ಇದ್ದ ಮೂರನ್ನೇ ಬೆಳೆಸಬೇಕು.

ಬೆಳೆಸುವುದೆಂದರೆ ‘ನೀರೇ ಜೀವನ, ನೀರಿಲ್ಲದೆ ಬಾಳಿಲ್ಲ, ನೀರು ಪ್ರಕೃತಿಯ ಕೊಡುಗೆ’ ಎಂದು ಒಂದನ್ನೇ ಮೂರು ಬಗೆಯಾಗಿ ಹೇಳುವುದಲ್ಲ. ಇಂತಹ ವಾಕ್ಯವನ್ನು ಪರೀಕ್ಷಿಸುವುದು ಸುಲಭ. ‘ನೀರು’ ಎಂಬಲ್ಲಿ ‘ಕಾಡು’ ಎಂದು ಹಾಕಿ ಓದಿರಿ. ವಾಕ್ಯಕ್ಕೆ ಏನೂ ಕೆಡದಿದ್ದರೆ ಅದು ಬರಿಯ ತುಂಬುಮಾತು, ಅದನ್ನು ಹೊಡೆದುಹಾಕಬಹುದು.

ಈಗ ಮೊದಲನೆಯ ಮಾತಿಗೆ ನಿಜವಾದ ಉದಾಹರಣೆ ಬೇಕು. ಕಾಸರಗೋಡಿನವರಾದ ನಮಗೆ ಸುರಂಗಕ್ಕಿಂತ ಒಳ್ಳೆಯದು ಬೇರಿಲ್ಲ. ಉದಾಹರಣೆಗೆ ನಾಲ್ಕು ಪ್ರಶ್ನೆ ಹಾಕಿ, ಒಂದೊಂದಕ್ಕೆ ಒಂದು ನಿಮಿಷದ ಉತ್ತರ ಬರೆಯೋಣ.

ಅದು ಏನು? ಮುರಕಲ್ಲಿನ ಗುಡ್ಡದೊಳಗೆ ಅಡ್ಡಲಾಗಿ ಕೊರೆದ, ಒಬ್ಬ ಮನುಷ್ಯ ಹೋಗುವಷ್ಟು ಅಗಲದ ಹಾದಿ. ಉದ್ದವನ್ನು ಕೋಲಿನಲ್ಲಿ ಹೇಳುತ್ತಾರೆ. ಒಂದು ಕೋಲು ಸುಮಾರು ಎರಡೂವರೆ ಅಡಿ. ‘40 ಕೋಲು’ ಎಂದಷ್ಟೇ ಹೇಳಿದರೆ ಕೇಳುವವರಿಗೆ ಕಣ್ಣಿಗೆ ಕಟ್ಟದು. ಅದು 100 ಅಡಿ, 20 ಅಡಿ ಉದ್ದದ ಐದು ತರಗತಿಗಳನ್ನು ಸಾಲಾಗಿ ಇಟ್ಟಷ್ಟು ಎಂದರೆ ಕಟ್ಟುತ್ತದೆ.

ಅದು ಹೇಗೆ ನಡೆಯುತ್ತದೆ? ಒಳಗಿನಿಂದ ಬಾಯಿಯ ಕಡೆಗೆ ಸ್ವಲ್ಪ ಇಳಿಜಾರು ಇರುತ್ತದೆ. ಕಲ್ಲಿನಲ್ಲಿ ಒಸರುವ ನೀರು ಪಂಪಿಲ್ಲದೆ ತಾನಾಗಿ ಹರಿದು ಬರುತ್ತದೆ. ಹಿಂದೆ ಅದನ್ನು ಅಡಿಕೆಮರದ ದಂಬೆಯಲ್ಲಿ ಹಾಯಿಸಿ ಮಣ್ಣಿನ ಕೆರೆಯಲ್ಲಿ ನಿಲ್ಲಿಸುತ್ತಿದ್ದರು. ಅಗೆಯುವವರು ದೀಪ ಒಯ್ಯುತ್ತಿದ್ದುದು ಬೆಳಕಿಗಾಗಿ ಮಾತ್ರವಲ್ಲ. ಜ್ವಾಲೆ ಕುಂದಿದರೆ ಒಳಗೆ ಗಾಳಿ ಸಾಲದೆಂದು ತಿಳಿದು ಹೊರಬರುತ್ತಿದ್ದರು.

ಮಾಡಿದವರು ಯಾರು? ಗಡಿಯಾಚೆ ಅಡ್ಯನಡ್ಕದ ಬಳಿಯ ಅಮೈ ಮಹಾಲಿಂಗ ನಾಯ್ಕರು ಕೂಲಿ ಮಾಡುತ್ತಲೇ ತಮ್ಮ ಗುಡ್ಡದಲ್ಲಿ ಒಬ್ಬರೇ ಸುರಂಗ ಅಗೆದರು. ಮೊದಲು ಅಗೆದವುಗಳಲ್ಲಿ ನೀರು ಸಿಗದಿದ್ದರೂ ಬಿಡದೆ ಅಗೆದು ನೀರು ತಂದು ತೋಟ ಮಾಡಿದರು. 2022ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಇಲ್ಲಿ ‘ಛಲದ ಮಹತ್ವ’ ಎಂದು ವಿವರಿಸಬೇಕಾಗಿಲ್ಲ. ಘಟನೆಯೇ ಅದನ್ನು ಹೇಳುತ್ತದೆ.

ಎಲ್ಲಿ ನಡೆಯದು? ಮಣ್ಣು ಸಡಿಲವಾದಲ್ಲಿ ಸುರಂಗ ಕುಸಿಯುತ್ತದೆ, ಗಟ್ಟಿ ಬಂಡೆ ಸಿಕ್ಕಲ್ಲಿ ಕೈಹಾರೆ ನಡೆಯದು, ಬೇಸಗೆಯಲ್ಲಿ ಒಸರು ಕಡಿಮೆಯಾಗುತ್ತದೆ. ಈ ಮಿತಿಯನ್ನೂ ಹೇಳಿದರೆ ಸಭೆಯಲ್ಲಿರುವ ಕೃಷಿಕರು ನಮ್ಮ ಮಾತನ್ನು ನಂಬುತ್ತಾರೆ.

ಎರಡನೆಯ ಮಾತಿನ ಉದಾಹರಣೆಯನ್ನು ನಾವೇ ಅಳೆಯಬಹುದು. ತೊಟ್ಟಿಕ್ಕುವ ನಲ್ಲಿಯ ಕೆಳಗೆ 10 ನಿಮಿಷ ಲೋಟ ಇಟ್ಟು ನೋಡಿರಿ. 50 ಮಿಲಿಲೀಟರ್ ಸೇರಿದರೆ, ದಿನಕ್ಕೆ ಅಂತಹ 144 ಪಾಲುಗಳಿರುವುದರಿಂದ 7 ಲೀಟರಿಗಿಂತ ಸ್ವಲ್ಪ ಹೆಚ್ಚು ನೀರು ಹೋದಂತಾಯಿತು. ಯಾವ ನಲ್ಲಿ, ಎಂದು ಅಳೆದದ್ದು, ಲೆಕ್ಕ ಹೇಗೆ ಎಂಬುದನ್ನು ನಿಧಾನವಾಗಿ ಹೇಳಿ, ದುರಸ್ತಿಯಾದ ಮೇಲೆ ಮತ್ತೆ ಅಳೆದ ಫಲವನ್ನೂ ಸೇರಿಸಿದರೆ 4 ನಿಮಿಷ ಸಾಕಾಗದು. ಮೂರನೆಯದಕ್ಕೆ ಶಾಲೆಯ ಮಾಡಿನಿಂದ ಬೀಳುವ ಮಳೆನೀರು ಎಲ್ಲಿಗೆ ಹೋಗುತ್ತದೆಂದು ಹಿಂಬಾಲಿಸಿ ನೋಡಿ, ಇದೇ ನಾಲ್ಕು ಪ್ರಶ್ನೆ ಹಾಕಿರಿ.

ಒಂದು ಮಾತಿಗೆ ಒಂದೇ ಉದಾಹರಣೆ ಇರಲಿ. ಮೂರು ಮೂರು ಸೇರಿಸಿದರೆ ಅದು ಬರಿಯ ಪಟ್ಟಿಯಾಗಿ ಯಾವುದೂ ನೆನಪಿನಲ್ಲಿ ನಿಲ್ಲುವುದಿಲ್ಲ. ಬರೆದಾದ ಮೇಲೆ ಗಡಿಯಾರ ಇಟ್ಟುಕೊಂಡು ಗಟ್ಟಿಯಾಗಿ ಓದಿರಿ. ಮನಸ್ಸಿನಲ್ಲಿ ಓದುವ ವೇಗ ಹೆಚ್ಚು, ಅದನ್ನು ನಂಬುವಂತಿಲ್ಲ. 14 ನಿಮಿಷಕ್ಕೆ ಮುಗಿದರೆ ಸರಿಯಾಯಿತು. ಸಭೆಯಲ್ಲಿ ತಡೆದು ನಿಲ್ಲುವುದಕ್ಕೆ ಒಂದು ನಿಮಿಷ ಬೇಕು. ಬಳಿಕ ಮನೆಯವರೊಬ್ಬರಿಗೆ ಹೇಳಿ, ಏನು ನೆನಪಿದೆಯೆಂದು ಕೇಳಿರಿ. ಅವರು ದೀಪವನ್ನೂ ಲೋಟವನ್ನೂ ಹೇಳಿ, ಅವು ಯಾವ ಮಾತಿಗೆ ಬಂದವೆಂಬುದನ್ನೂ ಹೇಳಿದರೆ ಭಾಷಣ ಸಿದ್ಧವಾಯಿತು. ಕಥೆ ಮಾತ್ರ ನೆನಪಿದ್ದು ಮಾತು ಮರೆತಿದ್ದರೆ, ಪ್ರತಿ ಉದಾಹರಣೆಯ ಕೊನೆಗೆ ಮೂಲ ವಾಕ್ಯವನ್ನು ಇನ್ನೊಮ್ಮೆ ಹೇಳಬೇಕು.