ಕ್ಯಾಬಿನೆಟ್ ಮೊದಲು, ಬೋರ್ಡು ಆಮೇಲೆ

ನಮ್ಮ ವಾಚನಾಲಯಕ್ಕೆ ಬರುವ ಮಿತ್ರರಲ್ಲಿ ಕೆಲವರು ಬಿಡಿಭಾಗಗಳನ್ನು ಕೊಂಡು ಕಂಪ್ಯೂಟರ್ ಜೋಡಿಸಿಕೊಳ್ಳುವ ವಿಚಾರದಲ್ಲಿದ್ದಾರೆ. ತಿರುವಲ್ಲಿಕ್ಕೇಣಿಯಿಂದ ರಿಚ್ಚಿ ಸ್ಟ್ರೀಟಿಗೆ ನಡೆದೇ ಹೋಗಬಹುದು. ಸಂಬಳದ ಮರುದಿನ ಅಲ್ಲಿಗೆ ಹೋದವರು ಮೊದಲು ವಿಚಾರಿಸುವುದು ಮದರ್ ಬೋರ್ಡಿನ ಬೆಲೆಯನ್ನು. ಎಲ್ಲವೂ ಕೈಸೇರಿದ ಮೇಲೆ, ಅದನ್ನೆಲ್ಲ ಹಾಕಿಡುವುದಕ್ಕೆ ಒಂದು ಪೆಟ್ಟಿಗೆ ಬೇಕಲ್ಲವೇ ಎಂದು ಕ್ಯಾಬಿನೆಟನ್ನು ನೆನೆಯುತ್ತಾರೆ. ಈ ಕ್ರಮವನ್ನು ತಿರುಗಿಸಬೇಕೆಂಬುದೇ ಈ ಪಾಠದ ವಿಷಯ.

ನಾವೂ ಹಿಂದೆ ಈ ತಪ್ಪನ್ನೇ ಮಾಡಿದೆವು. ವಾಚನಾಲಯದ ಮೊದಲ ಕಂಪ್ಯೂಟರಿಗೆ ರಿಯಾಯಿತಿಯಲ್ಲಿ ಸಿಕ್ಕಿತೆಂದು ದೊಡ್ಡ ಬೋರ್ಡೊಂದನ್ನು ಕೊಂಡೆವು. ಅದು ಹಿಡಿಸುವಂತೆ ಎತ್ತರದ ಕ್ಯಾಬಿನೆಟನ್ನು ತಂದೆವು. ಮೇಜಿನ ಕೆಳಗೆ ಮಣೆ ಹಾಕಿ ಅದರ ಮೇಲಿಡಲು ಎತ್ತರ ಸಾಲದಾಯಿತು. ಆದ್ದರಿಂದ ಬರೀ ನೆಲದ ಮೇಲೆಯೇ ಇಟ್ಟೆವು. ನಮ್ಮ ಕೋಣೆ ನೆಲದಂತಸ್ತಿನದು. ಐಪ್ಪಸಿ ಮಳೆಗಾಲದ ಒಂದು ರಾತ್ರಿ ಬಾಗಿಲ ಸಂದಿಯಿಂದ ಎರಡು ಬೆರಳಷ್ಟು ನೀರು ಒಳಬಂದು, ಕ್ಯಾಬಿನೆಟಿನ ತಳದಲ್ಲಿದ್ದ ಎಸ್.ಎಂ.ಪಿ.ಎಸ್. ನೆನೆಯಿತು. ಬೆಳಿಗ್ಗೆ ಅದನ್ನು ಅರಿಯದೆ ಸ್ವಿಚ್ಚು ಒತ್ತಿದಾಗ ಬೋರ್ಡೂ ಹೋಯಿತು. ಸದಸ್ಯರ ತಿಂಗಳ ಚಂದಾದಿಂದ ಕೂಡಿಸಿದ ಹಣವದು. ಇದರಲ್ಲಿ ಅಂಗಡಿಯವರ ತಪ್ಪೇನೂ ಇರಲಿಲ್ಲ. ಅಳೆಯದೆ ಹೋದದ್ದು ನಾವು. ಎರಡನೆಯ ಸಲ ಹೇಗೆ ಆರಿಸಿದೆವೆಂಬುದನ್ನು ಇಲ್ಲಿ ಕ್ರಮವಾಗಿ ತಿಳಿಸುತ್ತೇವೆ.

೧. ಜಾಗದ ಅಳತೆ

ಅಂಗಡಿಗಳಲ್ಲಿ ಫುಲ್ ಟವರ್, ಮಿಡ್ ಟವರ್, ಮಿನಿ ಟವರ್ ಎಂಬ ಹೆಸರುಗಳಿವೆ. ಇವುಗಳಿಗೆ ಎಲ್ಲರೂ ಒಪ್ಪಿದ ಅಳತೆಯಿಲ್ಲ. ಒಬ್ಬರ ಮಿಡ್ ಟವರ್ ಇನ್ನೊಬ್ಬರದಕ್ಕಿಂತ ಒಂದು ಗೇಣು ಎತ್ತರವಿರಬಹುದು. ಆದ್ದರಿಂದ ಹೆಸರನ್ನು ಬಿಟ್ಟು ಸೆಂಟಿಮೀಟರುಗಳನ್ನು ಕೇಳತಕ್ಕದ್ದು.

ನಮ್ಮ ಮೇಜಿನ ಕೆಳಗಿನ ಎತ್ತರ 55 ಸೆಂ.ಮೀ. ಮೊದಲ ಪಾಠದ ಫಲವಾಗಿ 10 ಸೆಂ.ಮೀ. ಎತ್ತರದ ಮರದ ಮಣೆಯನ್ನು ಖಾಯಂ ಮಾಡಿದೆವು. ಉಳಿದದ್ದು 45. ನಾವು ನೋಡಿದ ಮಿಡ್ ಟವರ್ ಸರಿಯಾಗಿ 45 ಸೆಂ.ಮೀ. ಇತ್ತು. ಮಣೆಯ ಮೇಲಿಟ್ಟರೆ ಮೇಜಿಗೆ ತಗುಲಿ, ಮೇಲ್ಭಾಗದ ಗಾಳಿಕಿಂಡಿ ಮುಚ್ಚಿಹೋಗುತ್ತಿತ್ತು. 38 ಸೆಂ.ಮೀ. ಎತ್ತರದ ಮಿನಿ ಟವರಾದರೆ ಮೇಲೆ 7 ಸೆಂ.ಮೀ. ಬಿಡುವು ಸಿಗುತ್ತದೆ. ಹಿಂದುಗಡೆಯಲ್ಲಿ ವಯರುಗಳು ಬಾಗಲು 10 ಸೆಂ.ಮೀ. ಜಾಗವನ್ನು ಗೋಡೆಯಿಂದ ಬಿಡಬೇಕು. ಇದನ್ನೂ ಆಳದ ಲೆಕ್ಕಕ್ಕೆ ಸೇರಿಸಿದೆವು.

ಇಷ್ಟು ಗೊತ್ತಾದೊಡನೆ ಬೋರ್ಡಿನ ಗಾತ್ರ ತಾನಾಗಿಯೇ ತೀರ್ಮಾನವಾಯಿತು. 1995ರಲ್ಲಿ ಇಂಟೆಲ್ ಕಂಪನಿ ಹೊರತಂದ ಎ.ಟಿ.ಎಕ್ಸ್. ಎಂಬ ಕ್ರಮದ ಪೂರ್ಣ ಬೋರ್ಡು 305 ಮಿ.ಮೀ. ಉದ್ದ, 244 ಮಿ.ಮೀ. ಅಗಲ. ಮೈಕ್ರೋ ಎ.ಟಿ.ಎಕ್ಸ್. ಎಂಬುದು ಹೆಚ್ಚೆಂದರೆ 244 ಮಿ.ಮೀ. ಚೌಕ. ಸಣ್ಣ ಬೋರ್ಡಿನ ಸ್ಕ್ರೂ ತೂತುಗಳು ದೊಡ್ಡ ಕ್ಯಾಬಿನೆಟಿಗೂ ಹೊಂದುತ್ತವೆ. ಆದರೆ ದೊಡ್ಡ ಬೋರ್ಡು ಸಣ್ಣ ಕ್ಯಾಬಿನೆಟಿನಲ್ಲಿ ಕೂರುವುದಿಲ್ಲ. ನಮ್ಮ ಮಿನಿ ಟವರಿಗೆ ಮೈಕ್ರೋ ಬೋರ್ಡೇ ಸರಿ. ಒಂದು ಬಗೆಯ ಪ್ರೊಸೆಸರಿಗೆ ಹತ್ತು ಬೋರ್ಡುಗಳು ಸಿಗಬಹುದು. ನಮ್ಮ ಮೇಜಿನ ಕೆಳಗಿನ ಜಾಗ ಮಾತ್ರ ಒಂದೇ.

೨. ಡಿಸ್ಕುಗಳ ಗೂಡುಗಳು

ಒಳಗೆ ಡಿಸ್ಕುಗಳನ್ನು ಕೂರಿಸುವ ಗೂಡಿಗೆ ಬೇ ಎನ್ನುತ್ತಾರೆ. ಇದರಲ್ಲಿ ಮೂರು ಅಳತೆಗಳು. ಡಿ.ವಿ.ಡಿ. ಡ್ರೈವಿಗೆ 5.25 ಇಂಚು, ದೊಡ್ಡ ಹಾರ್ಡ್ ಡಿಸ್ಕಿಗೆ 3.5 ಇಂಚು, ತೆಳುವಾದ ಎಸ್.ಎಸ್.ಡಿ.ಗೆ 2.5 ಇಂಚು. ಬೋರ್ಡಿನ ಮೇಲೆಯೇ ಕೂರುವ ಎಂ.2 ಎಂಬ ಪಟ್ಟಿಯಂಥ ಎಸ್.ಎಸ್.ಡಿ.ಗೆ ಗೂಡು ಬೇಡ.

ಲೆಕ್ಕವನ್ನು ಅಂಗಡಿಯಲ್ಲಿ ಹಾಕದೆ ಮನೆಯಲ್ಲಿ ಹಾಕಬೇಕು. ಹಳೆಯ ಸಂಚಿಕೆಗಳನ್ನು ಸ್ಕ್ಯಾನ್ ಮಾಡಿ ಇಡಲು ನಮಗೆ 3.5 ಇಂಚಿನ ಎರಡು ಡಿಸ್ಕುಗಳು ಬೇಕಾಗಿದ್ದವು. ಹಾಡು, ನಾಟಕಗಳ ಹಳೆಯ ಸಿ.ಡಿ.ಗಳಿಗಾಗಿ ಡಿ.ವಿ.ಡಿ. ಡ್ರೈವೂ ಬೇಕೆಂದು ಹಿರಿಯ ಸದಸ್ಯರೊಬ್ಬರು ಹೇಳಿದರು. ಆದರೆ ಈಗ ಬರುವ ಕ್ಯಾಬಿನೆಟುಗಳಲ್ಲಿ ಹೆಚ್ಚಿನವಕ್ಕೆ 5.25 ಇಂಚಿನ ಗೂಡೇ ಇಲ್ಲ. ಅದಿರುವ ಅಗ್ಗದವುಗಳಲ್ಲಿ ಮುಂಭಾಗಕ್ಕೆ ಧೂಳಿನ ಜಾಲರಿ ಕಾಣಲಿಲ್ಲ. ಆಗ ಸಿ.ಡಿ. ಹಾಕುವುದು ತಿಂಗಳಿಗೆ ಎಷ್ಟು ಸಲವೆಂದು ನಾವು ಅವರನ್ನೇ ಕೇಳಿದೆವು. ಅವರು ಸ್ವಲ್ಪ ಯೋಚಿಸಿ, “ಒಂದು ಸಲ ಆದರೆ ಹೆಚ್ಚು” ಎಂದರು. ಅಷ್ಟಕ್ಕೆ ಯು.ಎಸ್.ಬಿ. ವಯರಿನ ಹೊರ ಡ್ರೈವು ಸಾಕೆಂದು ಆ ಗೂಡನ್ನು ಕೈಬಿಟ್ಟೆವು.

ಇನ್ನೊಂದು ಎಚ್ಚರಿಕೆ. ಪೆಟ್ಟಿಗೆಯ ಮೇಲೆ “3.5 ಇಂಚಿಗೆ ಎರಡು, 2.5 ಇಂಚಿಗೆ ನಾಲ್ಕು” ಎಂದು ಬರೆದಿದ್ದರೆ ಆರು ಡಿಸ್ಕು ಹಿಡಿಯುತ್ತದೆಂದು ತಿಳಿಯಬಾರದು. ಒಂದೇ ಗೂಡು ಎರಡು ಅಳತೆಗೂ ಒದಗುವಂತಿದ್ದರೆ ಅದನ್ನು ಎರಡೂ ಕಡೆ ಎಣಿಸಿರುವುದುಂಟು. ಪಕ್ಕದ ಹಲಗೆಯನ್ನು ತೆಗೆಸಿ ಕೈಯಿಂದ ಮುಟ್ಟಿ ಎಣಿಸಬೇಕು. ಎರಡು ಗೂಡುಗಳು ಎಸ್.ಎಂ.ಪಿ.ಎಸ್.ನ ಎದುರಿಗೇ ಇದ್ದರೆ, ಅದರ ವಯರುಗಳು ಮಡಚಿಕೊಳ್ಳಲು ನಡುವೆ ನಾಲ್ಕು ಬೆರಳಾದರೂ ಜಾಗವಿದೆಯೇ ಎಂದು ನೋಡಬೇಕು. ಇಲ್ಲದಿದ್ದರೆ ವಯರು ತುರುಕುವುದಕ್ಕಾಗಿ ಒಂದು ಗೂಡನ್ನೇ ಕಿತ್ತುಹಾಕಬೇಕಾಗುತ್ತದೆ.

೩. ಧೂಳಿನ ಜಾಲರಿ

ನಮ್ಮ ಬೀದಿಯ ಧೂಳು, ಮ್ಯಾನ್‌ಷನ್ ಕೋಣೆಗಳ ಹಾಸಿಗೆಯ ಹತ್ತಿಯ ಎಳೆ, ಇವೆರಡೂ ಫ್ಯಾನಿನ ಮೂಲಕ ಒಳಹೋಗಿ ಪ್ರೊಸೆಸರಿನ ಮೇಲಿನ ಲೋಹದ ರೆಕ್ಕೆಗಳಲ್ಲಿ ಕಂಬಳಿಯಂತೆ ಕೂರುತ್ತವೆ. ಜಾಲರಿ ಇದೆಯೇ ಎಂದು ಕೇಳಿದರೆ ಸಾಲದು, ಅದು ಯಾವ ಕಡೆಯಿಂದ ಹೊರಬರುತ್ತದೆಂದು ನೋಡಬೇಕು. ಎಸ್.ಎಂ.ಪಿ.ಎಸ್.ನ ಕೆಳಗಿನ ಜಾಲರಿಯನ್ನು ಅನೇಕ ಕ್ಯಾಬಿನೆಟುಗಳಲ್ಲಿ ಹಿಂದಿನಿಂದ ಎಳೆಯಬೇಕು. ಹಿಂದೆ ಗೋಡೆಯಿದ್ದರೆ ಅದಕ್ಕಾಗಿ ಎಲ್ಲ ವಯರನ್ನೂ ಬಿಚ್ಚಿ ಕ್ಯಾಬಿನೆಟನ್ನು ಹೊರಗೆಳೆಯಬೇಕು. ಆ ಶ್ರಮಕ್ಕೆ ಹೆದರಿ ಯಾರೂ ತೊಳೆಯುವುದಿಲ್ಲ. ನಾವು ಮುಂದಿನಿಂದ ಎಳೆಯುವಂಥದನ್ನು ಆರಿಸಿದೆವು.

ಗಾಳಿ ಜಾಲರಿಯ ಮೂಲಕವೇ ಬರಬೇಕಾದರೆ ಒಳಕ್ಕೆ ನೂಕುವ ಗಾಳಿ ಹೊರಕ್ಕೆ ಹೋಗುವುದಕ್ಕಿಂತ ಹೆಚ್ಚಾಗಿರಬೇಕು. ನಮ್ಮದರಲ್ಲಿ ಮುಂದೆ ಎರಡು, ಹಿಂದೆ ಒಂದು 120 ಮಿ.ಮೀ. ಫ್ಯಾನುಗಳಿವೆ. ಹಿಂದಿನದೇ ಬಲವಾದರೆ ಕ್ಯಾಬಿನೆಟು ಪ್ರತಿಯೊಂದು ಸಂದಿಯಿಂದಲೂ ಸೋಸದ ಗಾಳಿಯನ್ನು ಹೀರುತ್ತದೆ. ಇದನ್ನು ತಿಳಿಯಲು ಸುಲಭವಾದ ಪರೀಕ್ಷೆಯುಂಟು. ಯಂತ್ರ ನಡೆಯುತ್ತಿರುವಾಗ ತೆಳ್ಳನೆಯ ಕಾಗದದ ಎಳೆಯನ್ನು ಪಕ್ಕದ ಹಲಗೆಯ ಸಂದಿಗೆ ಹೊರಗಿನಿಂದ ಹಿಡಿಯಿರಿ. ಕಾಗದ ಸಂದಿಗೆ ಅಂಟಿಕೊಂಡರೆ ಅಲ್ಲಿ ಗಾಳಿ ಒಳಗೆ ಹೋಗುತ್ತಿದೆ. ಹೊರಕ್ಕೆ ಹಾರಿದರೆ ಸರಿ. ಅಂಟಿಕೊಂಡರೆ ಹಿಂದಿನ ಫ್ಯಾನಿನ ವೇಗವನ್ನು ತಗ್ಗಿಸಬೇಕು.

ಜಾಲರಿಯೇ ಕಟ್ಟಿಕೊಂಡರೂ ಕಾಗದ ಅಂಟುತ್ತದೆ. ಎಂದಿನ ಕೆಲಸಕ್ಕೇ ಫ್ಯಾನು ಹೆಚ್ಚು ಸದ್ದು ಮಾಡತೊಡಗುವುದು ಅದರ ಇನ್ನೊಂದು ಗುರುತು. ಜಾಲರಿಯನ್ನು ನೀರಿನಲ್ಲಿ ತೊಳೆದು, ನೆರಳಿನಲ್ಲಿ ಪೂರ್ತಿ ಒಣಗಿದ ಮೇಲೆಯೇ ಹಾಕತಕ್ಕದ್ದು. ಇದಕ್ಕೂ ಒಂದು ಮಿತಿಯಿದೆ. ಎಳೆ, ಕೂದಲುಗಳನ್ನು ಜಾಲರಿ ತಡೆಯುತ್ತದೆಯೇ ಹೊರತು ಮರೀನಾ ಕಡೆಯಿಂದ ಬರುವ ಉಪ್ಪಿನ ತೇವವನ್ನು ತಡೆಯದು. ಸಮುದ್ರದ ಕಡೆಯ ಕಿಟಕಿಯ ಕೆಳಗೆ ಕ್ಯಾಬಿನೆಟನ್ನು ಇಡದಿರುವುದೇ ಅದಕ್ಕೆ ಉಪಾಯ.

೪. ಮುಂದಿನ ಕಿಂಡಿಗಳು

ವಾಚನಾಲಯಕ್ಕೆ ಬರುವವರು ಪೆನ್ ಡ್ರೈವ್ ತರುತ್ತಾರೆ. ಅದಕ್ಕೆ ಚಪ್ಪಟೆಯಾದ ಟೈಪ್-ಎ ಕಿಂಡಿ ಬೇಕು. ಈಚಿನ ಫೋನುಗಳ ವಯರಿಗೆ ದುಂಡು ಅಂಚಿನ ಸಣ್ಣ ಟೈಪ್-ಸಿ ಬೇಕು. ಹಲವು ಕ್ಯಾಬಿನೆಟುಗಳಲ್ಲಿ ಇವು ತಲೆಯ ಮೇಲಿವೆ. ಮೇಜಿನ ಮೇಲಿಡುವವರಿಗೆ ಅದು ಅನುಕೂಲ. ಮೇಲೆ 7 ಸೆಂ.ಮೀ. ಮಾತ್ರ ಬಿಡುವಿರುವ ನಮಗೆ ಕೈಯೇ ಹೋಗದು. ಆದ್ದರಿಂದ ಕಿಂಡಿಗಳು ಎದುರುಮುಖದಲ್ಲಿರುವಂಥದನ್ನು ಹುಡುಕಿದೆವು.

ಬೋರ್ಡಿಗೂ ಕ್ಯಾಬಿನೆಟಿಗೂ ಹೆಚ್ಚು ತಕರಾರು ಬರುವುದು ಇಲ್ಲಿಯೇ. ಪ್ರತಿ ಕಿಂಡಿಯಿಂದಲೂ ಒಳಗೆ ಒಂದು ವಯರು ಇಳಿದು ಬರುತ್ತದೆ. ಅದರ ತುದಿ ಹೊಂದುವ ಹೆಡರ್, ಎಂದರೆ ಸೂಜಿಗಳ ಸಾಲು, ಬೋರ್ಡಿನ ಮೇಲಿರಬೇಕು. ಹಳೆಯ ಯು.ಎಸ್.ಬಿ. 2.0 ತುದಿಗೆ 9 ಸೂಜಿಗಳು. ವೇಗದ ಯು.ಎಸ್.ಬಿ. 3.0 ತುದಿ ದಪ್ಪಗಿದ್ದು 19 ಸೂಜಿಗಳದು. ಪೂರ್ಣ ವೇಗದ ಟೈಪ್-ಸಿ ಕಿಂಡಿಯದು ಟೈಪ್-ಇ ಎಂಬ ಸಣ್ಣ ಲೋಹದ ಬಾಯಿ. ಅಗ್ಗದ ಬೋರ್ಡುಗಳಲ್ಲಿ ಅನೇಕಕ್ಕೆ ಈ ಟೈಪ್-ಇ ಇರುವುದಿಲ್ಲ. ಆಗ ಮುಂದಿನ ಟೈಪ್-ಸಿ ಕಿಂಡಿ ಬರಿಯ ತೂತಾಗಿ ಉಳಿಯುತ್ತದೆ. ಕೆಲವು ಕ್ಯಾಬಿನೆಟುಗಳು ಟೈಪ್-ಸಿ ಕಿಂಡಿಯನ್ನೂ 19 ಸೂಜಿಯ ವಯರಿಗೇ ಜೋಡಿಸಿರುತ್ತವೆ. ಆದ್ದರಿಂದ ಹೊರಗಿನ ಕಿಂಡಿಯನ್ನು ನೋಡಿ ನಂಬದೆ ಒಳಗಿನ ವಯರಿನ ತುದಿಯನ್ನು ನೋಡಿ ಬರೆದುಕೊಳ್ಳಬೇಕು.

19 ಸೂಜಿಯ ತುದಿಯನ್ನು ಸೇರಿಸುವಾಗ ಒಂದು ಎಚ್ಚರಿಕೆ ಅಗತ್ಯ. ಅದರ ಒಂದು ಪಕ್ಕದ ಗುಬುಟು ಹೆಡರಿನ ಕಚ್ಚಿಗೆ ನೇರವಾಗಿ ಬಂದ ಮೇಲೆಯೇ ಒತ್ತಬೇಕು. ಓರೆಯಾಗಿ ಒತ್ತಿದರೆ ಸೂಜಿ ಬಾಗುತ್ತದೆ. ಬಿಚ್ಚುವಾಗ ವಯರನ್ನು ಹಿಡಿದು ಎಳೆದರೆ ಹೆಡರಿನ ಪ್ಲಾಸ್ಟಿಕ್ ಕವಚವೇ ಕಿತ್ತು ಬರುವುದುಂಟು.

೫. ಬೋರ್ಡಿನ ಅಂಗಡಿಗೆ ಒಯ್ಯುವ ಚೀಟಿ

ಮೇಲಿನದೆಲ್ಲ ಮುಗಿದಾಗ ನಮ್ಮ ಕೈಯಲ್ಲಿ ಈ ಚೀಟಿ ಇತ್ತು:

ಗಾತ್ರ ಮೈಕ್ರೋ ಎ.ಟಿ.ಎಕ್ಸ್.
19 ಸೂಜಿಯ ಹೆಡರ್ ಒಂದು.
ಟೈಪ್-ಇ ಹೆಡರ್ ಒಂದು.
ಹಾರ್ಡ್ ಡಿಸ್ಕಿನ ಸಾಟಾ ಕಿಂಡಿ ಎರಡು, ಎಂ.2 ಒಂದು.
ಪ್ರೊಸೆಸರಿನದಲ್ಲದೆ ಬೇರೆ ಫ್ಯಾನಿನ ಹೆಡರ್ ಎರಡು. ಮುಂದಿನ ಜೋಡಿ ಫ್ಯಾನುಗಳಿಗೆ ಒಂದು ಕವಲು ವಯರು.

ಇದನ್ನು ನೋಡಿ ಅಂಗಡಿಯವರು ಮೊದಲು ತೋರಿಸಿದ ಬೋರ್ಡಿನಲ್ಲಿ ಟೈಪ್-ಇ ಇರಲಿಲ್ಲ. ಎರಡನೆಯದರಲ್ಲಿ ಎಲ್ಲವೂ ಇತ್ತು. ಆದರೆ ಕೆಲವು ಬೋರ್ಡುಗಳಲ್ಲಿ ಎಂ.2 ಕಿಂಡಿ ತುಂಬಿದರೆ ಒಂದು ಸಾಟಾ ಕಿಂಡಿ ನಿಂತುಹೋಗುತ್ತದೆ. ಅದು ಬೋರ್ಡಿನ ಕೈಪಿಡಿಯಲ್ಲಿ ಬರೆದಿರುತ್ತದೆ. ನಾವು ಅಂಗಡಿಯಲ್ಲೇ ನಿಂತು ಕೈಪಿಡಿಯ ಆ ಪುಟವನ್ನು ಓದಿದೆವು. ನಾಲ್ಕು ಸಾಟಾದಲ್ಲಿ ಒಂದು ನಿಂತರೂ ಮೂರು ಉಳಿಯುತ್ತಿದ್ದವು. ನಮಗೆ ಬೇಕಾದದ್ದು ಎರಡು. ಹಣ ಕೊಟ್ಟೆವು.

ಕಳೆದ ಮಳೆಗಾಲದಲ್ಲಿ ಮತ್ತೆ ಒಂದು ರಾತ್ರಿ ನೀರು ಒಳಗೆ ಬಂತು. ಬೆಳಿಗ್ಗೆ ಬಾಗಿಲು ತೆಗೆದವರು ಮೊದಲು ಬಗ್ಗಿ ನೋಡಿದ್ದು ಮೇಜಿನ ಕೆಳಗೆ. ಮಣೆಯ ಕಾಲುಗಳು ಮಾತ್ರ ನೆನೆದಿದ್ದವು.