ಗೋದಾಮಿನಲ್ಲಿ ಉಳಿದ ಪುಡಿ, ಪುಸ್ತಕದಲ್ಲಿ ಕಂಡ ಲಾಭ



ವಾರ್ಷಿಕ ಮಹಾಸಭೆಗೆ ಮುಂಚೆ ನಿಮ್ಮ ಕೈಗೆ ಬರುವ ವರದಿಯ ಹಿಂಭಾಗದಲ್ಲಿ ಲಾಭ-ನಷ್ಟದ ಪಟ್ಟಿ, ಅಢಾವೆ ಪತ್ರಿಕೆಗಳು ಇರುತ್ತವೆ. ಹೆಚ್ಚಿನವರು ಕೊನೆಯ ಸಾಲಿನ ನಿವ್ವಳ ಲಾಭವನ್ನು ಮಾತ್ರ ನೋಡಿ ಪುಟ ಮಗುಚುತ್ತಾರೆ. ಆಮೇಲೆ ಸಭೆಯಲ್ಲಿ ಒಬ್ಬರು ಎದ್ದು, "ಲಾಭ ಇಷ್ಟಿದೆ ಅಂತ ಅಚ್ಚು ಹಾಕಿಸಿದ್ದೀರಿ, ಬೋನಸ್ ಕೊಡಲು ದುಡ್ಡಿಲ್ಲ ಅಂತೀರಿ, ಇದೇನು ಲೆಕ್ಕ?" ಎಂದು ಕೇಳುತ್ತಾರೆ. ಪ್ರಶ್ನೆ ನ್ಯಾಯವಾದದ್ದೇ. ಯಾರೂ ದುಡ್ಡು ತಿನ್ನದಿದ್ದರೂ ಹೀಗಾಗಬಹುದು. ಇದಕ್ಕೆ ಉತ್ತರ ಅದೇ ಪಟ್ಟಿಯಲ್ಲಿ 'ಆಖೈರು ದಾಸ್ತಾನು' ಎಂಬ ಒಂದು ಸಾಲಿನಲ್ಲಿದೆ. ಈ ಸಂಚಿಕೆಯಲ್ಲಿ ಆ ಸಾಲನ್ನು ಬಿಡಿಸಿ ನೋಡೋಣ.

ಮೊದಲು ವೆಚ್ಚದ ಎರಡು ಬಗೆಗಳನ್ನು ತಿಳಿಯಬೇಕು. ಅರಕಲಗೂಡು ತಾಲ್ಲೂಕಿನ ರಾಮನಾಥಪುರದ ಕಡೆ ಹೊಗೆಸೊಪ್ಪು ಬೆಳೆಯುವವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಸೊಪ್ಪು ಬೇಯಿಸುವ ಬ್ಯಾರನ್ ಕಟ್ಟಿಸಿದ ಖರ್ಚು ಒಮ್ಮೆ ಆಗಿಹೋದದ್ದು. ಈ ವರ್ಷ ಸೊಪ್ಪು ಹೆಚ್ಚು ಬಂದರೂ ಕಡಿಮೆ ಬಂದರೂ ಅದು ಅಷ್ಟೇ. ಸೌದೆಯ ಖರ್ಚು ಹಾಗಲ್ಲ, ಎಷ್ಟು ಸಲ ಬ್ಯಾರನ್ ತುಂಬುತ್ತೀರೋ ಅಷ್ಟು ಸಲ ಸೌದೆ ಬೇಕು. ಬ್ಯಾರನ್‌ನದು ಸ್ಥಿರ ವೆಚ್ಚ, ಸೌದೆಯದು ಬದಲಾಗುವ ವೆಚ್ಚ.

ಹಾಲಿನ ಪುಡಿಯ ಘಟಕದಲ್ಲಿಯೂ ಇದೇ ಕಥೆ. ನಮ್ಮ ಜಿಲ್ಲೆಯ ಚನ್ನರಾಯಪಟ್ಟಣದಲ್ಲಿ ಇಂಥ ಘಟಕವಿರುವುದು ನಿಮಗೆ ಗೊತ್ತು. ಮುಂಗಾರು ಹಿಡಿದು ಹಸಿರು ಮೇವು ಬಂದ ಮೇಲೆ, ಹೇಮಾವತಿ ನಾಲೆಯ ನೀರು ಹರಿಯುವ ಹೊಳೆನರಸೀಪುರದ ಕಡೆಯಿಂದಲೂ ಹಾಸನದ ಸುತ್ತಮುತ್ತಲಿಂದಲೂ ಹಾಲು ಏರುತ್ತದೆ. ಪೇಟೆಯಲ್ಲಿ ಪ್ಯಾಕೆಟ್ ಹಾಲು ಕುಡಿಯುವವರ ಸಂಖ್ಯೆ ಅದರ ಜೊತೆಗೆ ಏರುವುದಿಲ್ಲ. ಉಳಿದ ಹಾಲಿನ ಕೆನೆ ತೆಗೆದು ಬೆಣ್ಣೆ ಮಾಡುತ್ತಾರೆ, ಕೆನೆ ತೆಗೆದ ಹಾಲನ್ನು ಒಣಗಿಸಿ ಪುಡಿ ಮಾಡುತ್ತಾರೆ. ಒಂದು ಕಿಲೋ ಪುಡಿಗೆ ಸುಮಾರು 11 ಲೀಟರ್ ಕೆನೆ ತೆಗೆದ ಹಾಲು ಬೇಕು. ಆ ಹಾಲಿನ ಬೆಲೆ, ಬಾಯ್ಲರಿನ ಉರುವಲು, ವಿದ್ಯುತ್, 25 ಕಿಲೋ ಹಿಡಿಯುವ ಚೀಲ, ಇವು ಪುಡಿ ಹೆಚ್ಚಿದಂತೆ ಹೆಚ್ಚುತ್ತವೆ. ಯಂತ್ರಗಳ ಸವಕಳಿ, ಕಾರ್ಖಾನೆಯ ವಿಮೆ, ಖಾಯಂ ನೌಕರರ ಸಂಬಳ ಇವು ಯಂತ್ರ ನಿಂತಿದ್ದರೂ ತಪ್ಪುವುದಿಲ್ಲ.

ಈಗ ಒಂದು ಲೆಕ್ಕ ಮಾಡೋಣ. ಅಂಕಿಗಳು ಯಾವ ಒಕ್ಕೂಟದವೂ ಅಲ್ಲ, ಮನಸ್ಸಿನಲ್ಲೇ ಗುಣಿಸಲು ಸುಲಭವಾಗಲಿ ಎಂದು ಇಟ್ಟುಕೊಂಡವು. ಒಂದು ಘಟಕದಲ್ಲಿ, ಬೆಣ್ಣೆಯ ಪಾಲನ್ನು ಬೇರೆ ತೆಗೆದ ಮೇಲೆ, ಒಂದು ಕಿಲೋ ಪುಡಿಗೆ ಬದಲಾಗುವ ವೆಚ್ಚ 200 ರೂಪಾಯಿ. ಕಾರ್ಖಾನೆಯ ಸ್ಥಿರ ವೆಚ್ಚ ವರ್ಷಕ್ಕೆ 4 ಕೋಟಿ. ಮಾರುವ ದರ ಕಿಲೋಗೆ 260 ರೂಪಾಯಿ. ಸಾಮಾನ್ಯವಾಗಿ ವರ್ಷಕ್ಕೆ 10 ಲಕ್ಷ ಕಿಲೋ ತಯಾರಾಗುತ್ತದೆ. 4 ಕೋಟಿಯನ್ನು 10 ಲಕ್ಷ ಕಿಲೋಗೆ ಹಂಚಿದರೆ ಕಿಲೋಗೆ 40 ರೂಪಾಯಿ. ಅಂದರೆ ಪೂರ್ಣ ವೆಚ್ಚ ಕಿಲೋಗೆ 240.

ಮೊದಲ ವರ್ಷ ತಯಾರಾದ 10 ಲಕ್ಷ ಕಿಲೋ ಪೂರ್ತಿ ಮಾರಾಟವಾಯಿತು. ಕಿಲೋಗೆ 20 ರೂಪಾಯಿಯಂತೆ 2 ಕೋಟಿ ಲಾಭ. ಇದರಲ್ಲಿ ತಕರಾರಿಲ್ಲ, ಯಾವ ಪದ್ಧತಿಯಲ್ಲಿ ಲೆಕ್ಕ ಹಾಕಿದರೂ ಇಷ್ಟೇ ಬರುತ್ತದೆ.

ಎರಡನೆಯ ವರ್ಷವೂ 10 ಲಕ್ಷ ಕಿಲೋ ತಯಾರಾಯಿತು, ಆದರೆ ಮಾರಾಟವಾದದ್ದು 6 ಲಕ್ಷ ಮಾತ್ರ. ಮಾರ್ಚ್ 31ರಂದು 4 ಲಕ್ಷ ಕಿಲೋ ಪುಡಿ, ಅಂದರೆ 16 ಸಾವಿರ ಚೀಲ, ಗೋದಾಮಿನಲ್ಲಿ ಉಳಿಯಿತು. ಪದ್ಧತಿಗಳು ಬೇರೆಯಾಗುವುದು ಇಲ್ಲಿಂದ.

ಪೂರ್ಣ ವೆಚ್ಚ ಪದ್ಧತಿಯಲ್ಲಿ, ಲೆಕ್ಕಿಗರು ಇದನ್ನು ಅಬ್ಸಾರ್ಪ್ಷನ್ ಕಾಸ್ಟಿಂಗ್ ಎನ್ನುತ್ತಾರೆ, ಪ್ರತಿ ಕಿಲೋ ಪುಡಿಯೂ ತನ್ನ ಪಾಲಿನ ಸ್ಥಿರ ವೆಚ್ಚವನ್ನು ಹೊತ್ತುಕೊಂಡಿರುತ್ತದೆ. ಮಾರಿದ 6 ಲಕ್ಷ ಕಿಲೋಗೆ 20 ರೂಪಾಯಿಯಂತೆ 1 ಕೋಟಿ 20 ಲಕ್ಷ ಲಾಭ ಎಂದು ಪಟ್ಟಿ ತೋರಿಸುತ್ತದೆ. ಉಳಿದ 4 ಲಕ್ಷ ಕಿಲೋ ಪುಡಿ ಕಿಲೋಗೆ 240ರಂತೆ ಆಸ್ತಿಯ ಕಡೆ ಕೂರುತ್ತದೆ.

ಬದಲಾಗುವ ವೆಚ್ಚ ಪದ್ಧತಿ, ಅಂದರೆ ವೇರಿಯಬಲ್ ಅಥವಾ ಮಾರ್ಜಿನಲ್ ಕಾಸ್ಟಿಂಗ್, ಹೀಗೆ ಒಪ್ಪುವುದಿಲ್ಲ. ಈ ವರ್ಷದ ಸಂಬಳ, ಸವಕಳಿ, ವಿಮೆ ಈ ವರ್ಷಕ್ಕೇ ಸೇರಿದ್ದು, ಮಾರಾಟ ಆಗಲಿ ಬಿಡಲಿ ಈ ವರ್ಷವೇ ಖರ್ಚು ಬೀಳಬೇಕು ಎಂಬುದು ಅದರ ವಾದ. 6 ಲಕ್ಷ ಕಿಲೋ ಮಾರಿ, ಕಿಲೋಗೆ 60 ರೂಪಾಯಿಯಂತೆ ಉಳಿದದ್ದು 3 ಕೋಟಿ 60 ಲಕ್ಷ. ಸ್ಥಿರ ವೆಚ್ಚ 4 ಕೋಟಿ ಕಳೆದರೆ 40 ಲಕ್ಷ ನಷ್ಟ. ಗೋದಾಮಿನ ಪುಡಿಗೆ ಇಲ್ಲಿ ಕಿಲೋಗೆ 200 ಮಾತ್ರ ಬೆಲೆ.

ಒಂದೇ ಘಟಕ, ಒಂದೇ ವರ್ಷ, ಅದೇ ಚೀಲಗಳು. ಒಂದು ಪಟ್ಟಿ 1 ಕೋಟಿ 20 ಲಕ್ಷ ಲಾಭ ಎನ್ನುತ್ತದೆ, ಇನ್ನೊಂದು 40 ಲಕ್ಷ ನಷ್ಟ ಎನ್ನುತ್ತದೆ. ವ್ಯತ್ಯಾಸ 1 ಕೋಟಿ 60 ಲಕ್ಷ. ಇದು ಎಲ್ಲಿಂದ ಬಂತೆಂದು ಹುಡುಕಬೇಕಿಲ್ಲ, ಉಳಿದ 4 ಲಕ್ಷ ಕಿಲೋವನ್ನು 40 ರೂಪಾಯಿಯಿಂದ ಗುಣಿಸಿ ನೋಡಿ. ಈ ವರ್ಷ ಕೊಟ್ಟಾಗಿರುವ ಸಂಬಳ-ಸವಕಳಿಯ ಅಷ್ಟು ಭಾಗ ಪುಡಿಯ ಜೊತೆ ಚೀಲದೊಳಗೆ ಕುಳಿತು ಮುಂದಿನ ವರ್ಷಕ್ಕೆ ದಾಟಿತು.

ಮೂರನೆಯ ವರ್ಷ ಹಾಲು ಇಳಿಯಿತು, ಪುಡಿಗೆ ಗಿರಾಕಿ ಬಂದಿತು ಎನ್ನಿ. ತಯಾರಾದದ್ದು 6 ಲಕ್ಷ ಕಿಲೋ, ಹಳೆಯದೂ ಸೇರಿ ಮಾರಿದ್ದು 10 ಲಕ್ಷ. ಬದಲಾಗುವ ವೆಚ್ಚ ಪದ್ಧತಿಯಲ್ಲಿ 6 ಕೋಟಿಯಲ್ಲಿ 4 ಕೋಟಿ ಕಳೆದು 2 ಕೋಟಿ ಲಾಭ. ಪೂರ್ಣ ವೆಚ್ಚ ಪದ್ಧತಿಯಲ್ಲಿ ಈ ವರ್ಷದ 4 ಕೋಟಿಯ ಜೊತೆಗೆ ಹಿಂದಿನ ವರ್ಷದಿಂದ ದಾಟಿ ಬಂದ 1 ಕೋಟಿ 60 ಲಕ್ಷವೂ ಮೇಲೆ ಬೀಳುತ್ತದೆ, ಉಳಿಯುವುದು ಬರೀ 40 ಲಕ್ಷ. ಮಾರಾಟ ಏರಿದ ವರ್ಷವೇ ಲಾಭ ಇಳಿಯಿತು! ಅಮೆರಿಕದ ಜೊನಾಥನ್ ಹ್ಯಾರಿಸ್ ಎಂಬ ಲೆಕ್ಕಾಧಿಕಾರಿ 1936ರಲ್ಲಿ ಬರೆದದ್ದು ಇದೇ ಪೇಚಿನ ಬಗ್ಗೆ. ಮಾರಾಟ ಹೆಚ್ಚಿದಾಗ ಲಾಭ ಏಕೆ ಕುಗ್ಗಿತು ಎಂದು ಮೇಲಿನವರಿಗೆ ವಿವರಿಸಲಾಗದ ಲೆಕ್ಕವನ್ನು ಬಿಟ್ಟು, ಸ್ಥಿರ ವೆಚ್ಚವನ್ನು ಆಯಾ ಅವಧಿಗೇ ಹಾಕುವ ಪದ್ಧತಿಯನ್ನು ಅವರು ಮುಂದಿಟ್ಟರು.

ಮೂರು ವರ್ಷವನ್ನೂ ಕೂಡಿಸಿದರೆ ಎರಡು ಪದ್ಧತಿಯಲ್ಲೂ 3 ಕೋಟಿ 60 ಲಕ್ಷವೇ. ಹಾಗಾದರೆ ಇಷ್ಟು ತಲೆಬಿಸಿ ಏಕೆ ಎನ್ನಬಹುದು. ಲಾಭವನ್ನು ಮೂರು ವರ್ಷಕ್ಕೊಮ್ಮೆ ಹಂಚುವುದಿಲ್ಲ, ಅದಕ್ಕೆ. ಕರ್ನಾಟಕ ಸಹಕಾರ ಸಂಘಗಳ ಕಾಯ್ದೆ 1959ರಂತೆ ಆ ವರ್ಷದ ನಿವ್ವಳ ಲಾಭದಲ್ಲಿ ನೂರಕ್ಕೆ 25ಕ್ಕೆ ಕಡಿಮೆಯಿಲ್ಲದಂತೆ ಆಪದ್ಧನಕ್ಕೆ ತೆಗೆದಿಟ್ಟು, ಉಳಿದದ್ದನ್ನು ನಿಯಮದಂತೆ ಹಂಚುವ ಮಾತು ಬರುತ್ತದೆ. ಎರಡನೆಯ ವರ್ಷ 1 ಕೋಟಿ 20 ಲಕ್ಷವನ್ನು ನಂಬಿ ಬೋನಸ್ ಘೋಷಿಸಿದರೆ ಅದಕ್ಕೆ ನಗದು ಎಲ್ಲಿದೆ? 4 ಲಕ್ಷ ಕಿಲೋ ಪುಡಿಗೆ ಹಾಲಿನ ಬಟವಾಡೆಯೂ ಉರುವಲೂ ಸೇರಿ 8 ಕೋಟಿ ಆಗಲೇ ಕೈಬಿಟ್ಟಿದೆ, ಒಂದು ರೂಪಾಯಿಯೂ ವಾಪಸು ಬಂದಿಲ್ಲ. ಆ 8 ಕೋಟಿ ಬ್ಯಾಂಕಿನ ಸಾಲವಾಗಿದ್ದು ಬಡ್ಡಿ ನೂರಕ್ಕೆ 9 ಇದ್ದರೆ ವರ್ಷಕ್ಕೆ 72 ಲಕ್ಷ ಬಡ್ಡಿ. ಈ ಬಡ್ಡಿಯನ್ನಾಗಲಿ, ತಯಾರಾದ ಪುಡಿಯನ್ನು ಇಟ್ಟುಕೊಳ್ಳುವ ಗೋದಾಮಿನ ಬಾಡಿಗೆಯನ್ನಾಗಲಿ ಯಾವ ಪದ್ಧತಿಯಲ್ಲೂ ಪುಡಿಯ ಬೆಲೆಗೆ ಸೇರಿಸುವಂತಿಲ್ಲ. ನೇರವಾಗಿ ಖರ್ಚಿಗೆ ಹೋಗಬೇಕು. ಮೇಲಿನ ಲೆಕ್ಕದಲ್ಲಿ ನಾವು ಅದನ್ನು ಇನ್ನೂ ಹಿಡಿದೇ ಇಲ್ಲ.

ಆಡಿಟ್ ಆಗುವ ಪಟ್ಟಿಯಲ್ಲಿ ನೀವು ನೋಡುವುದು ಪೂರ್ಣ ವೆಚ್ಚ ಪದ್ಧತಿಯನ್ನೇ. ಚಾರ್ಟರ್ಡ್ ಅಕೌಂಟೆಂಟುಗಳ ಸಂಸ್ಥೆಯ ದಾಸ್ತಾನು ಕುರಿತ 2ನೇ ಲೆಕ್ಕ ಮಾನದಂಡ ಅದನ್ನೇ ಹೇಳುತ್ತದೆ. ಬದಲಾಗುವ ವೆಚ್ಚದ ಲೆಕ್ಕ ಆಡಳಿತದ ಒಳ ಉಪಯೋಗಕ್ಕೆ. ಆದ್ದರಿಂದ ಪಟ್ಟಿ ತಪ್ಪೆಂದು ಯಾರನ್ನೂ ದೂರಬೇಕಾಗಿಲ್ಲ. ಆದರೂ ಈ ಪದ್ಧತಿಯಲ್ಲಿ ಒಂದು ಸಂದು ಇದೆ. ಎರಡನೆಯ ವರ್ಷ ಅದೇ 6 ಲಕ್ಷ ಮಾರಿ, ತಯಾರಿಕೆಯನ್ನು 16 ಲಕ್ಷಕ್ಕೆ ಏರಿಸಿದ್ದರೆ ಏನಾಗುತ್ತಿತ್ತು? 4 ಕೋಟಿ 16 ಲಕ್ಷ ಕಿಲೋಗೆ ಹಂಚಿ ಕಿಲೋಗೆ 25 ರೂಪಾಯಿ ಆಗುತ್ತದೆ, ಪೂರ್ಣ ವೆಚ್ಚ 225ಕ್ಕೆ ಇಳಿಯುತ್ತದೆ, ಲಾಭ 2 ಕೋಟಿ 10 ಲಕ್ಷಕ್ಕೆ ಏರುತ್ತದೆ. ಹೆಚ್ಚಿಗೆ ಒಂದು ಚೀಲವನ್ನೂ ಮಾರದೆ, ಬರೀ ಗೋದಾಮು ತುಂಬಿಸಿ ಲಾಭ ಹೆಚ್ಚಿಸಿದ ಹಾಗಾಯಿತು. ಖಾಸಗಿ ಕಾರ್ಖಾನೆಯಲ್ಲಿ ಇದನ್ನು ಬೇಕೆಂದೇ ಮಾಡಬಹುದು. ಹಾಲು ಒಕ್ಕೂಟದಲ್ಲಿ ಬೇಕೆಂದು ಮಾಡುವ ಅಗತ್ಯವೇ ಇಲ್ಲ. ಸದಸ್ಯರು ಹಾಕಿದ ಹಾಲನ್ನು ಬೇಡ ಎನ್ನಲಾಗದು, ಬಂದದ್ದೆಲ್ಲ ಪುಡಿಯಾಗುತ್ತದೆ, ಲಾಭ ತಾನಾಗಿ ಉಬ್ಬುತ್ತದೆ.

ಇಲ್ಲಿ ಬದಲಾಗುವ ವೆಚ್ಚ ಪದ್ಧತಿಗೂ ಒಂದು ಮಿತಿ ಇದೆಯೆಂದು ಹೇಳಬೇಕು. ಹಾಲಿನ ಬೆಲೆ ಬದಲಾಗುವ ವೆಚ್ಚ ಎಂದೆವು. ಆದರೆ ಹಾಲನ್ನು ಕೊಳ್ಳಲೇಬೇಕಾದ ಒಕ್ಕೂಟಕ್ಕೆ, ಇಂದು ಬಂದ ಹಾಲನ್ನು ಪುಡಿ ಮಾಡುವುದೋ ಬೇಡವೋ ಎಂಬ ಪ್ರಶ್ನೆಯಲ್ಲಿ, ಅದು ಆಗಲೇ ಆಗಿಹೋದ ಖರ್ಚು. ಆಗ ನೋಡಬೇಕಾದದ್ದು ಉರುವಲು, ವಿದ್ಯುತ್, ಚೀಲ ಇಷ್ಟೇ.

ಇನ್ನು ದರ ಕುಸಿದರೆ? 2020ರ ಮಾರ್ಚ್ 25ರಿಂದ ಲಾಕ್‌ಡೌನ್ ಬಂದು ಹೋಟೆಲು, ಕಾಫಿ ಅಂಗಡಿ, ಮದುವೆ ಮನೆಗಳೆಲ್ಲ ನಿಂತಾಗ ರಾಜ್ಯದ ಒಕ್ಕೂಟಗಳು ಉಳಿದ ಹಾಲನ್ನು ಪುಡಿ ಮಾಡಬೇಕಾಯಿತು, ಪುಡಿಯ ದರವೂ ಬಿದ್ದಿತು. ಇಂಥ ಸ್ಥಿತಿಗೆ ಅದೇ ಮಾನದಂಡದಲ್ಲಿ ನಿಯಮವಿದೆ: ತಗುಲಿದ ವೆಚ್ಚ, ಮಾರಾಟ ಖರ್ಚು ಕಳೆದು ಕೈಗೆ ಬರುವ ಬೆಲೆ, ಇವೆರಡರಲ್ಲಿ ಯಾವುದು ಕಡಿಮೆಯೋ ಅದೇ ದಾಸ್ತಾನಿನ ಬೆಲೆ. ನಮ್ಮ ಎರಡನೆಯ ವರ್ಷದ ಕೊನೆಗೆ ಪುಡಿಗೆ ಕೈಗೆ ಬರುವ ಬೆಲೆ 190 ಆಯಿತು ಎನ್ನಿ. ಪೂರ್ಣ ವೆಚ್ಚದ ಪಟ್ಟಿ ಕಿಲೋಗೆ 50ರಂತೆ 2 ಕೋಟಿ ಇಳಿಸಬೇಕು, ಲಾಭದ 1 ಕೋಟಿ 20 ಲಕ್ಷ ಹೋಗಿ 80 ಲಕ್ಷ ನಷ್ಟವಾಗುತ್ತದೆ. ಇನ್ನೊಂದು ಪಟ್ಟಿ ಕಿಲೋಗೆ 10ರಂತೆ 40 ಲಕ್ಷ ಇಳಿಸಬೇಕು, 40 ಲಕ್ಷ ನಷ್ಟ 80 ಲಕ್ಷವಾಗುತ್ತದೆ. ಎರಡೂ ಒಂದೇ ಕಡೆ ಬಂದು ನಿಂತವು. ಚೀಲಕ್ಕೆ ಒಂದೇ ಬೆಲೆ ಕಟ್ಟಿದ ಮೇಲೆ ಜಗಳಕ್ಕೆ ಏನೂ ಉಳಿಯುವುದಿಲ್ಲ.

ಈ ಬಾರಿಯ ವರದಿಯಲ್ಲಿ ನಿವ್ವಳ ಲಾಭಕ್ಕಿಂತ ಮೊದಲು ಆರಂಭದ ದಾಸ್ತಾನನ್ನೂ ಆಖೈರು ದಾಸ್ತಾನನ್ನೂ ಅಕ್ಕಪಕ್ಕ ಇಟ್ಟು ನೋಡಿ. ಹಣದಲ್ಲಿ ಮಾತ್ರವಲ್ಲ, ಕಿಲೋ ಲೆಕ್ಕದಲ್ಲಿಯೂ ಕೇಳಿ. ಆಖೈರಿನದು ಬಹಳ ಹೆಚ್ಚಿದ್ದರೆ, ಕಿಲೋಗೆ ಯಾವ ದರ ಕಟ್ಟಿದ್ದೀರಿ, ಅದರಲ್ಲಿ ಸ್ಥಿರ ವೆಚ್ಚ ಎಷ್ಟು, ಮಾರ್ಚ್ ಕೊನೆಗೆ ಮಾರುಕಟ್ಟೆ ದರ ಎಷ್ಟಿತ್ತು, ಪುಡಿ ಯಾವ ತಿಂಗಳು ತಯಾರಾದದ್ದು ಎಂದು ವಿಚಾರಿಸಿ. ಕೊನೆಯ ಪ್ರಶ್ನೆ ಸುಮ್ಮನೆ ಅಲ್ಲ. ಪುಡಿಯಲ್ಲಿ ತೇವ ನೂರಕ್ಕೆ 5 ಮೀರಬಾರದು, ಮಳೆಗಾಲ ಕಳೆದ ಗೋದಾಮಿನಲ್ಲಿ ಚೀಲದ ಪುಡಿ ಗಂಟು ಕಟ್ಟಿದ್ದರೆ 260ಕ್ಕೆ ಕೊಳ್ಳುವವರು ಬರುವುದಿಲ್ಲ, ಪುಸ್ತಕದಲ್ಲಿ ಅದರ ಬೆಲೆ 240 ಎಂದು ಬರೆದಿದ್ದರೂ.