ಕೆಲಸ ಹೋದವರಿಗೆ ನಾಲ್ಕು ಸಾಲು ಬರೆಯುವುದು

ನಿಮಗೆ ಬೇಕಾದ ಒಬ್ಬರ ಕೆಲಸ ಹೋಗಿದೆ. ಫೋನ್ ಕೈಗೆತ್ತಿಕೊಂಡು ಏನೋ ಬರೆದಿರಿ, ಅಳಿಸಿದಿರಿ, ಮತ್ತೆ ಬರೆದು ಮತ್ತೆ ಅಳಿಸಿದಿರಿ. ಕೊನೆಗೆ ‘ನಾಳೆ ನೋಡೋಣ’ ಎಂದು ಪಕ್ಕಕ್ಕಿಟ್ಟಿರಿ. ಇಲ್ಲಿಂದಲೇ ಶುರುಮಾಡೋಣ. ನೀವು ಇಂಥ ಸಂದೇಶವನ್ನು ಹಿಂದೆಂದೂ ಬರೆದಿಲ್ಲ ಎಂದೇ ಇಟ್ಟುಕೊಂಡು ಹೇಳುತ್ತೇನೆ.

ನಾನು ಹೈಸ್ಕೂಲಿನಲ್ಲಿ ಕನ್ನಡ ಕಲಿಸುತ್ತಿದ್ದವಳು. ನಿವೃತ್ತಿಯ ನಂತರ ಕೆಲವು ತಿಂಗಳು ಮಲೇಷ್ಯಾದ ನಿಲಾಯ್‌ನಲ್ಲಿ ಮಗಳ ಮನೆಯಲ್ಲಿದ್ದೆ. ಕೌಲಾಲಂಪುರದ ದೊಡ್ಡ ವಿಮಾನ ನಿಲ್ದಾಣ ಅಲ್ಲಿಗೆ ಹತ್ತಿರ. ಅದರ ಸುತ್ತಮುತ್ತಲ ಕಂಪನಿಗಳಲ್ಲಿ ದುಡಿಯುವವರು ಆ ಕಡೆ ಮನೆ ಮಾಡಿಕೊಂಡಿರುತ್ತಾರೆ. ನಮ್ಮ ಕೆಳಗಿನ ಮನೆಯಲ್ಲಿ ಹಾಸನದ ಕಡೆಯ ಒಂದು ಕುಟುಂಬವಿತ್ತು. ಆರು ವರ್ಷ ಒಂದೇ ಕಡೆ ದುಡಿದಿದ್ದ ಆ ಯಜಮಾನರನ್ನು ಒಂದು ಶುಕ್ರವಾರ ಕಂಪನಿ ಕೆಲಸದಿಂದ ತೆಗೆಯಿತು. ಮರುದಿನ ಸಂಜೆ ಮಳೆ ನಿಂತ ನಂತರ ಅವರು ಮೇಲೆ ಬಂದರು. ಏನೂ ಹೇಳದೆ ಫೋನನ್ನು ನನ್ನ ಕೈಗೆ ಕೊಟ್ಟು, “ಓದಿ ಮೇಡಂ” ಎಂದರು. ಊರಿನಿಂದ ಬಂದ ಸಂದೇಶಗಳು ಸಾಲಾಗಿ ನಿಂತಿದ್ದವು. ಬರೆದವರೆಲ್ಲ ಅವರನ್ನು ಪ್ರೀತಿಸುವವರೇ. ಆದರೂ ಒಂದಕ್ಕೂ ಅವರು ಉತ್ತರ ಬರೆದಿರಲಿಲ್ಲ.

ಯಾಕೆ ಬರೆಯಲಿಲ್ಲ ಎಂದು ನಾನು ಕೇಳಲಿಲ್ಲ. ಮೇಷ್ಟರ ಕಣ್ಣು ಮೊದಲು ಹೋಗುವುದು ಕ್ರಿಯಾಪದಕ್ಕೆ, ಅಂದರೆ ವಾಕ್ಯದಲ್ಲಿ ಕೆಲಸವನ್ನು ಹೇಳುವ ಪದಕ್ಕೆ. ಆ ಸಂದೇಶಗಳ ಕೊನೆಯ ಪದಗಳನ್ನಷ್ಟೇ ಓದುತ್ತ ಹೋದೆ: ‘ಹುಡುಕು’, ‘ಯೋಚನೆ ಮಾಡಬೇಡ’, ‘ಮೊದಲೇ ನೋಡಿಕೊಳ್ಳಬೇಕಿತ್ತು’, ‘ಊರಿಗೆ ಬಂದುಬಿಡು’, ‘ಧೈರ್ಯವಾಗಿರು’. ಹೆಚ್ಚುಕಡಿಮೆ ಎಲ್ಲವೂ ವಿಧಿರೂಪ. ಹೀಗೆ ಮಾಡು, ಹೀಗೆ ಮಾಡಬೇಡ ಎಂದು ಎದುರಿನವರಿಗೆ ಅಪ್ಪಣೆ ಕೊಡುವ ರೂಪಕ್ಕೆ ವ್ಯಾಕರಣದಲ್ಲಿ ಆ ಹೆಸರು. ಕೆಲಸ ಹೋದ ಮರುದಿನವೇ ಅವರಿಗೆ ಇಪ್ಪತ್ತು ಹೊಸ ಕೆಲಸಗಳನ್ನು ಹೇಳಲಾಗಿತ್ತು.

ಹಾಗಾಗಿ ನಿಮ್ಮ ಮೊದಲ ಪಾಠ ಇದು. ಬರೆದದ್ದನ್ನು ಕಳಿಸುವ ಮುಂಚೆ ಕ್ರಿಯಾಪದಗಳ ಕೊನೆಯನ್ನು ಮಾತ್ರ ಓದಿ. ‘-ಬೇಕು’, ‘-ಬೇಡ’, ‘-ಬಾರದಿತ್ತು’, ‘-ಬಹುದಲ್ಲ’ ಎಂದು ಮುಗಿಯುವ ಕಡೆ, ಅಥವಾ ‘ಮಾಡು’, ‘ನೋಡು’ ಎಂದು ನಿಲ್ಲುವ ಕಡೆ ಸಲಹೆ ನುಸುಳಿದೆ ಎಂದು ತಿಳಿಯಿರಿ. ‘ಟೆನ್ಷನ್ ಮಾಡ್ಕೋಬೇಡ’ ಎನ್ನುವುದೂ ಅಪ್ಪಣೆಯೇ. ಅದು ಎಷ್ಟು ಮೆತ್ತಗಿದ್ದರೂ, ಟೆನ್ಷನ್ ಆಗಿರುವವರು ತಾವೇನೋ ತಪ್ಪು ಮಾಡುತ್ತಿದ್ದೇವೆ ಎಂದುಕೊಳ್ಳುತ್ತಾರೆ.

ಇನ್ನು ಕನಿಕರ. ಅನುಕಂಪ ಎಂದರೆ ಇನ್ನೊಬ್ಬರ ಜೊತೆಯಲ್ಲಿ ಕಂಪಿಸುವುದು. ಕನಿಕರದಲ್ಲಿ ನೋಡುವವರು ಒಂದು ಮೆಟ್ಟಿಲು ಮೇಲೆ ನಿಂತಿರುತ್ತಾರೆ. ನಿಘಂಟು ಇಷ್ಟು ಬಿಗಿಯಾಗಿ ಬೇರೆ ಮಾಡುವುದಿಲ್ಲ, ಇದು ನಾನು ತರಗತಿಯಲ್ಲಿ ಹಾಕುತ್ತಿದ್ದ ಗೆರೆ. ಕನ್ನಡದಲ್ಲಿ ಆ ಮೆಟ್ಟಿಲನ್ನು ಒಂದೇ ಪದ ಕಟ್ಟಿಬಿಡುತ್ತದೆ: ‘ಪಾಪ’. ಬಿದ್ದ ಮಗುವಿಗೆ, ಗಾಯಗೊಂಡ ನಾಯಿಗೆ ಹೇಳುವ ಮಾತದು. ನಲವತ್ತು ದಾಟಿದ, ಮನೆ ನಡೆಸುತ್ತಿರುವ ಗಂಡಸಿಗೋ ಹೆಂಗಸಿಗೋ ನೇರವಾಗಿ ‘ಪಾಪ ನಿನಗೆ’ ಎಂದರೆ ಅವರು ತಟ್ಟನೆ ಸಣ್ಣವರಾಗುತ್ತಾರೆ. ಬಾಯಲ್ಲಿ ಹೇಳಿದಾಗ ಧ್ವನಿ ಅದನ್ನು ಸ್ವಲ್ಪ ಕರಗಿಸೀತು. ಬರಹದಲ್ಲಿ ಆ ಧ್ವನಿ ಇರುವುದಿಲ್ಲ.

ಸಲಹೆ ಯಾಕೆ ಕೆಲಸ ಮಾಡುವುದಿಲ್ಲ ಎನ್ನುವುದಕ್ಕೆ ನಿಲಾಯ್‌ನ ಆ ಮನೆಯೇ ಒಳ್ಳೆಯ ಉದಾಹರಣೆ. ಒಬ್ಬರು ‘ಸ್ವಲ್ಪ ದಿನ ಆರಾಮಾಗಿ ಇದ್ದು, ನಿಧಾನಕ್ಕೆ ಬೇರೆ ಕೆಲಸ ಹುಡುಕು’ ಎಂದು ಬರೆದಿದ್ದರು. ಒಳ್ಳೆಯ ಮಾತೇ. ಆದರೆ ಮಲೇಷ್ಯಾದಲ್ಲಿ ಹೊರದೇಶದ ನೌಕರರಿಗೆ ಕೊಡುವ ಎಂಪ್ಲಾಯ್‌ಮೆಂಟ್ ಪಾಸ್, ಅಂದರೆ ಅಲ್ಲಿದ್ದು ದುಡಿಯಲು ಸರ್ಕಾರ ಕೊಡುವ ಪರವಾನಗಿ, ಆಯಾ ಕಂಪನಿಗೆ ಅಂಟಿಕೊಂಡಿರುತ್ತದೆ. ಕೆಲಸ ನಿಂತರೆ ಕಂಪನಿ ಅದನ್ನು ರದ್ದು ಮಾಡಿಸಬೇಕು. ಹೆಂಡತಿ ಮಕ್ಕಳ ಡಿಪೆಂಡೆಂಟ್ ಪಾಸ್ ಅದೇ ಕೊಂಬೆಗೆ ತೂಗುಬಿದ್ದಿರುತ್ತದೆ. ಹೊಸ ಕಂಪನಿ ಸಿಕ್ಕರೂ ಹೊಸದಾಗಿ ಪಾಸ್‌ಗೆ ಅರ್ಜಿ ಹಾಕಬೇಕು. ಕೆಲಸ ಕಳೆದುಕೊಂಡವರಿಗೆಂದು ಆ ದೇಶ 2018ರಿಂದ ನಡೆಸುತ್ತಿರುವ ವಿಮೆ ಅಲ್ಲಿನ ಪ್ರಜೆಗಳಿಗೆ ಮತ್ತು ಕಾಯಂ ನಿವಾಸಿಗಳಿಗೆ ಮಾತ್ರ. ದೇಶ ಬಿಟ್ಟು ಹೊರಡುವವರ ಕೊನೆಯ ಸಂಬಳವನ್ನು ತೆರಿಗೆ ಲೆಕ್ಕ ಚುಕ್ತಾ ಆಗುವವರೆಗೆ ಕಂಪನಿ ತಡೆಹಿಡಿಯಬೇಕಾಗುತ್ತದೆ. ‘ನಿಧಾನಕ್ಕೆ’ ಎನ್ನುವ ಪದಕ್ಕೆ ಆ ಮನೆಯಲ್ಲಿ ಜಾಗವೇ ಇರಲಿಲ್ಲ. ‘ಬಂದುಬಿಡು’ ಎಂದವರಿಗೆ ಮಗಳ ಶಾಲೆಯ ವರ್ಷ ಅರ್ಧದಲ್ಲಿದ್ದದ್ದು ಗೊತ್ತಿರಲಿಲ್ಲ. ಈ ವಿವರಗಳನ್ನೆಲ್ಲ ಕಲಿತುಕೊಂಡು ಇನ್ನೂ ಒಳ್ಳೆಯ ಸಲಹೆ ಕೊಡಿ ಎಂದು ನಿಮಗೆ ಹೇಳುತ್ತಿಲ್ಲ. ಅವರಿಗೆ ಇದು ನಿಮಗಿಂತ ಚೆನ್ನಾಗಿ ಗೊತ್ತಿದೆ, ರಾತ್ರಿಯೆಲ್ಲ ಅದನ್ನೇ ಲೆಕ್ಕ ಹಾಕಿರುತ್ತಾರೆ.

ಹಾಗಾದರೆ ಏನು ಬರೆಯಬೇಕು? ಒಂದು ಕರಡನ್ನೇ ತಿದ್ದಿ ತೋರಿಸುತ್ತೇನೆ. ಮೈಸೂರಿನಲ್ಲಿರುವ ನನ್ನ ಅಕ್ಕನ ಮಗ, ಕಾಕತಾಳೀಯವೆಂಬಂತೆ, ಆ ಕೆಳಗಿನ ಮನೆಯ ಯಜಮಾನರ ಕಾಲೇಜು ಗೆಳೆಯ. ಅವನು ಬರೆದು, ಕಳಿಸುವ ಮುಂಚೆ ನನಗೆ ತೋರಿಸಿದ್ದು ಹೀಗಿತ್ತು:

“ಮಗಾ, ತುಂಬಾ ತುಂಬಾ ಬೇಜಾರಾಯ್ತು. ಪಾಪ ನಿಂಗೆ ಹೀಗಾಗಬಾರದಿತ್ತು. ಟೆನ್ಷನ್ ಮಾಡ್ಕೋಬೇಡ. ಆಗೋದೆಲ್ಲ ಒಳ್ಳೇದಕ್ಕೇ. ಏನಾದ್ರೂ ಬೇಕಿದ್ರೆ ಹೇಳು.”

ಮೊದಲ ವಾಕ್ಯದಲ್ಲಿ ತಪ್ಪಿಲ್ಲ, ಒಂದು ‘ತುಂಬಾ’ ತೆಗೆದರೆ ಸಾಕು. ಆದರೆ ಏನಾಯಿತು ಎನ್ನುವುದು ಅಲ್ಲಿ ಎಲ್ಲೂ ಇಲ್ಲ. ‘ಹೀಗೆ’ ಎನ್ನುವ ಪದದ ಹಿಂದೆ ಅದು ಅಡಗಿದೆ. ‘ಕೆಲಸ ಹೋದ ವಿಷಯ ಗೊತ್ತಾಯ್ತು’ ಎಂದು ಇದ್ದದ್ದನ್ನು ಇದ್ದಂತೆ ಬರೆಯಿರಿ. ಹೆಸರಿಡದೆ ಸುತ್ತಿ ಬಳಸಿದರೆ ಅದು ನಾಚಿಕೆಪಡುವ ಸಂಗತಿ ಎಂದಾಗುತ್ತದೆ. ‘ಒಳ್ಳೇದಕ್ಕೇ’ ಎನ್ನುವ ಮಾತನ್ನು ನಷ್ಟವಾದವರು ತಾವಾಗಿ ವರ್ಷಗಳ ನಂತರ ಹೇಳಿಕೊಳ್ಳಬಹುದು, ನಾವು ಮರುದಿನ ಹೇಳುವಂಥದ್ದಲ್ಲ. ಇನ್ನು ‘ಏನಾದ್ರೂ ಬೇಕಿದ್ರೆ ಹೇಳು’. ಇದು ನಮಗೆಲ್ಲ ಉದಾರವಾದ ಮಾತಾಗಿ ಕೇಳಿಸುತ್ತದೆ. ಆದರೆ ಏನು ಬೇಕು ಎಂದು ಯೋಚಿಸುವುದು, ಬಾಯಿಬಿಟ್ಟು ಕೇಳುವುದು, ಕೇಳಿ ಸಣ್ಣವರಾಗುವುದು ಎಲ್ಲವನ್ನೂ ಅದು ಅವರ ಪಾಲಿಗೇ ಬಿಡುತ್ತದೆ. ಅದರ ಬದಲು ನೀವು ಖಂಡಿತ ಮಾಡಬಲ್ಲ ಒಂದೇ ಒಂದು ಸಣ್ಣ ಕೆಲಸವನ್ನು ದಿನ, ಗಂಟೆ ಸಮೇತ ಹೇಳಿ. ಬೇಡ ಎನ್ನುವ ದಾರಿಯನ್ನೂ ತೆರೆದಿಡಿ.

ಗಂಟೆಯನ್ನು ಹೇಳಿ ಎನ್ನುವುದಕ್ಕೆ ಒಂದು ಕಾರಣವಿದೆ. ವಿಯೆನ್ನಾದ ಹತ್ತಿರ ಮರಿಯೆಂತಾಲ್ ಎನ್ನುವ ಹಳ್ಳಿ. ಊರಿಗೆಲ್ಲ ಅನ್ನ ಕೊಡುತ್ತಿದ್ದ ಬಟ್ಟೆ ಕಾರ್ಖಾನೆ 1930ರ ಹೊತ್ತಿಗೆ ಮುಚ್ಚಿತು. ಮರಿ ಯಹೋದಾ ಎಂಬ ಸಂಶೋಧಕಿ ಮತ್ತು ಸಂಗಡಿಗರು ಅಲ್ಲಿಗೆ ಹೋಗಿ ಕಂಡದ್ದನ್ನು 1933ರಲ್ಲಿ ಪುಸ್ತಕ ಮಾಡಿದರು. ಬಿಡುವು ಬೇಕಾದಷ್ಟಿದ್ದರೂ ಜನ ಗ್ರಂಥಾಲಯದಿಂದ ಒಯ್ಯುವ ಪುಸ್ತಕ ಕಡಿಮೆಯಾಗಿತ್ತು. ಗಂಡಸರು ಬೀದಿಯಲ್ಲಿ ನಿಂತು ನಿಂತು ನಡೆಯುತ್ತಿದ್ದರು. ಬಹಳ ಮಂದಿ ಗಡಿಯಾರ ಇಟ್ಟುಕೊಳ್ಳುವುದನ್ನೇ ಬಿಟ್ಟಿದ್ದರು. ಕೆಲಸ ಸಂಬಳದ ಜೊತೆಗೆ ದಿನಕ್ಕೊಂದು ಆಕಾರವನ್ನೂ ಕೊಡುತ್ತದೆ, ಹೋದಾಗ ಅದೂ ಹೋಗುತ್ತದೆ ಎನ್ನುವುದು ಯಹೋದಾ ಅವರ ವಿವರಣೆ. ನಮ್ಮ ನಾಲ್ಕು ಸಾಲು ಸಂಬಳವನ್ನು ತಂದುಕೊಡಲಾರದು. ಆಕಾರವಿಲ್ಲದ ವಾರದಲ್ಲಿ ಒಂದು ಮೊಳೆಯನ್ನು ಹೊಡೆದು ಕೊಡಬಹುದು.

ಇನ್ನೊಂದು ಸಾಲು ನೀವು ಮಾತ್ರ ಬರೆಯಬಲ್ಲದ್ದಾಗಿರಲಿ. ‘ನೀನು ತುಂಬಾ ಪ್ರತಿಭಾವಂತ’ ಎನ್ನುವುದನ್ನು ಯಾರು ಯಾರಿಗೆ ಬೇಕಾದರೂ ಬರೆಯಬಹುದು. ನಿಮಗೆ ಗೊತ್ತಿರುವ ಒಂದು ಸಂಗತಿ ಹೊಗಳಿಕೆಗಿಂತ ಹೆಚ್ಚು ತೂಗುತ್ತದೆ. ಎರಡು ಸಲ ತಿದ್ದಿದ ಮೇಲೆ ಅಕ್ಕನ ಮಗ ಕಳಿಸಿದ್ದು ಇದು:

“ಮಗಾ, ಕೆಲಸ ಹೋದ ವಿಷಯ ನಿನ್ನೆ ರಾತ್ರಿ ಗೊತ್ತಾಯ್ತು. ಬೇಜಾರಾಯ್ತು. ಮೊದಲ ವರ್ಷ ಬೆಳಗಿನ ಶಿಫ್ಟಿಗೆ ಹೋಗ್ತಾ ಟ್ರೈನಿಂದ ನಂಗೆ ಫೋನ್ ಮಾಡ್ತಿದ್ದೆ, ನಾನು ನಿದ್ದೆಗಣ್ಣಲ್ಲಿ ಬೈತಿದ್ದೆ, ಅದು ನೆನಪಾಯ್ತು. ಭಾನುವಾರ ನಿಮ್ಮ ಟೈಮ್ ಸಂಜೆ ಏಳೂವರೆಗೆ ಫೋನ್ ಮಾಡ್ತೀನಿ. ಕೆಲಸದ ಮಾತೇ ಆಡಬೇಕು ಅಂತಿಲ್ಲ. ಎತ್ತದಿದ್ರೂ ಏನೂ ಅಂದ್ಕೊಳ್ಳಲ್ಲ. ಇದಕ್ಕೆ ಉತ್ತರ ಬೇಡ.”

ಈಗ ಕ್ರಿಯಾಪದಗಳನ್ನು ನೋಡಿ. ‘ಮಾಡ್ತೀನಿ’, ‘ಅಂದ್ಕೊಳ್ಳಲ್ಲ’: ಮುಂದೆ ಆಗಬೇಕಾದ ಕೆಲಸವೆಲ್ಲ ಬರೆದವನ ಹೆಗಲ ಮೇಲಿದೆ. ‘ನಿಮ್ಮ ಟೈಮ್’ ಎನ್ನುವುದೂ ಸಣ್ಣ ವಿಷಯವಲ್ಲ. ಮಲೇಷ್ಯಾ ನಮಗಿಂತ ಎರಡೂವರೆ ಗಂಟೆ ಮುಂದೆ. ಅಲ್ಲಿ ಏಳೂವರೆ ಎಂದರೆ ಮೈಸೂರಿನಲ್ಲಿ ಐದು. ಲೆಕ್ಕವನ್ನು ಅವನೇ ಹಾಕಿದ್ದ. ಕೊನೆಯಲ್ಲಿ ‘ಬೇಡ’ ಬಂದಿದೆಯಲ್ಲ ಎಂದು ನೀವು ಕೇಳಬಹುದು. ಹೌದು, ಆದರೆ ಇದು ಒಂದು ಕೆಲಸವನ್ನು ಇಳಿಸುವ ‘ಬೇಡ’.

ಹಿರಿಯರಿಗೆ ಬರೆಯುವಾಗ ‘ಮಗಾ’ ಹೋಗಿ ‘ಅಣ್ಣ’, ‘ಭಾವ’, ‘ಮಾವ’ ಬರುತ್ತದೆ, ‘ನೀನು’ ಹೋಗಿ ‘ನೀವು’ ಬರುತ್ತದೆ. ಕಟ್ಟುವ ರೀತಿ ಅದೇ. ಕುಟುಂಬದ ವಾಟ್ಸಾಪ್ ಗುಂಪಿನಲ್ಲಿ ಮಾತ್ರ ಬರೆಯಬೇಡಿ. ಅಲ್ಲಿ ಒಬ್ಬರು ಕೈಮುಗಿದರೆ ಮೂವತ್ತು ಜನ ಕೈಮುಗಿಯುತ್ತಾರೆ, ನೋಡುವವರಿಗೆ ಅದು ಶ್ರದ್ಧಾಂಜಲಿಯಂತೆ ಕಾಣುತ್ತದೆ. ಕೆಲಸ ಹೋದವರ ಹೆಂಡತಿಗೂ ಬೇರೆಯಾಗಿ ಎರಡು ಸಾಲು ಹೋಗಲಿ. ನಿಲಾಯ್‌ನ ಆ ಮನೆಯಾಕೆಯ ಫೋನಿಗೆ ಬಂದ ಸಂದೇಶಗಳೆಲ್ಲ ‘ಅವರನ್ನು ಚೆನ್ನಾಗಿ ನೋಡಿಕೊ’ ಎನ್ನುವವೇ ಆಗಿದ್ದವು.

ಉತ್ತರ ಬಾರದಿದ್ದರೆ ಸಂದೇಶ ಸೋತಿತು ಎಂದಲ್ಲ. ‘ಹ್ಞೂಂ, ಆಯ್ತು, ಥ್ಯಾಂಕ್ಸ್’ ಎಂಬ ಚುಟುಕು ಉತ್ತರ ತಕ್ಷಣ ಬಂದರೆ ನೀವು ಅವರಿಂದ ಮರ್ಯಾದೆಯನ್ನು ಕೇಳಿದಿರಿ ಎಂದೇ ನನ್ನ ಅನುಮಾನ. ಅವರೇ ‘ನೀನು ಏನಂತೀಯ?’ ಎಂದು ಕೇಳಿದಾಗ ಸಲಹೆಗೆ ಬಾಗಿಲು ತೆರೆಯಿತು, ಆಗ ಹೇಳಿ. ಬದುಕೇ ಬೇಡ ಎನ್ನುವ ಧಾಟಿಯ ಮಾತು ಬಂದರೆ ಬರೆಯುತ್ತ ಕೂರಬೇಡಿ. ಕೂಡಲೇ ಫೋನ್ ಮಾಡಿ, ಹತ್ತಿರದಲ್ಲಿರುವವರನ್ನು ಆ ಮನೆಗೆ ಕಳಿಸಿ. ಅಲ್ಲಿ ಈ ಪಾಠ ಅನ್ವಯಿಸುವುದಿಲ್ಲ.

ಸಂದೇಶಗಳು ಮೊದಲ ವಾರ ಸುರಿಯುತ್ತವೆ, ಮೂರನೆಯ ವಾರಕ್ಕೆ ಬತ್ತುತ್ತವೆ. ಆದ್ದರಿಂದ ಮೊದಲನೆಯದನ್ನು ಕಳಿಸಿದ ದಿನವೇ ಕ್ಯಾಲೆಂಡರಿನಲ್ಲಿ ಎರಡನೆಯದಕ್ಕೊಂದು ಗುರುತು ಹಾಕಿಕೊಳ್ಳಿ. ಎರಡನೆಯದರಲ್ಲಿ ಕೆಲಸದ ಸುದ್ದಿ ಕೇಳುವುದೇ ಬೇಡ. ‘ಇಲ್ಲಿ ಜೋರು ಮಳೆ, ಅಲ್ಲಿ ಹೇಗೆ?’ ಎಂದರೂ ನಡೆಯುತ್ತದೆ.

ನಾನು ಊರಿಗೆ ಹೊರಡುವ ಹಿಂದಿನ ಭಾನುವಾರ ಅವರು ಮೇಲೆ ಬಂದು ಟೀ ಕುಡಿಯುತ್ತಿದ್ದರು. ಹೊಸ ಕೆಲಸ ಇನ್ನೂ ಆಗಿರಲಿಲ್ಲ. ಮಗಳು ಇನ್ನೊಂದು ಲೋಟ ತಂದಿಟ್ಟಳು. ಅವರು ಮಣಿಕಟ್ಟಿನ ಗಡಿಯಾರ ನೋಡಿ ಎದ್ದರು. “ಇರಲಿ ಮೇಡಂ, ಏಳೂಕಾಲಾಯ್ತು. ಅವನು ಫೋನ್ ಮಾಡ್ತಾನೆ.”